ಮನೆತನದ ವ್ಯಾಪಾರಕ್ಕೆ ಬೆಲೆ ಕಟ್ಟುವ ಬಗೆ

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಗಳಲ್ಲಿ ಅನುಕೂಲಸ್ಥ ಮನೆತನಗಳು ಒಂದೇ ವ್ಯಾಪಾರವನ್ನು ನಂಬಿ ಕುಳಿತುದು ಅಪರೂಪ. ಅಜ್ಜನ ಕಾಲದಲ್ಲಿ ಹೊಳೆಯ ದಂಡೆಯ ಮೇಲೆ ಹಂಚಿನ ಕಾರ್ಖಾನೆ ಹುಟ್ಟಿರುತ್ತದೆ. ಮಗನ ಕಾಲಕ್ಕೆ ಗೇರುಬೀಜದ ಕಾರ್ಖಾನೆ ಬರುತ್ತದೆ. ಮೊಮ್ಮಗ ನಾಲ್ಕು ಬಸ್ಸುಗಳನ್ನು ಓಡಿಸತೊಡಗುತ್ತಾನೆ. ಹಂಚಿಗೂ ಗೇರುಬೀಜಕ್ಕೂ ಬಸ್ಸಿಗೂ ಒಡೆಯರು ಒಬ್ಬರೇ ಎಂಬುದನ್ನು ಬಿಟ್ಟರೆ ಬೇರೆ ಯಾವ ನಂಟೂ ಇಲ್ಲ. ಇಂಥ ಮನೆತನದ ವ್ಯಾಪಾರಕ್ಕೆಲ್ಲ ಸೇರಿ ಬೆಲೆ ಎಷ್ಟು? ಎಲ್ಲವೂ ಸುಸೂತ್ರವಾಗಿ ನಡೆಯುವಷ್ಟು ದಿನ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಪಾಲಿನ ಮಾತು ಬಂದ ದಿನ, ಹೊರಗಿನವರೊಬ್ಬರು ಬಂಡವಾಳ ಹಾಕಲು ಬಂದ ದಿನ, ಅಥವಾ ಬ್ಯಾಂಕು ಸಾಲಕ್ಕೆ ಆಧಾರ ಕೇಳಿದ ದಿನ ಇದು ಎದುರು ಬಂದು ನಿಲ್ಲುತ್ತದೆ. ಆಗ ತಪ್ಪು ಲೆಕ್ಕ ಮಾಡಿದರೆ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ. ಹೆಚ್ಚಾಗಿ ನಷ್ಟ ಬೀಳುವುದು ಆಡಳಿತದಲ್ಲಿ ಕೈಯಿಲ್ಲದ ಪಾಲುದಾರರಿಗೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಅರ್ಥಶಾಸ್ತ್ರಜ್ಞರೂ ಲೆಕ್ಕಪರಿಶೋಧಕರೂ ಬಳಸುವ ಒಂದು ಕ್ರಮವಿದೆ. ಪ್ರತಿಯೊಂದು ವ್ಯಾಪಾರವನ್ನೂ ಅದೊಂದೇ ಇದೆಯೋ ಎಂಬಂತೆ ಎದುರಿಗಿಟ್ಟುಕೊಂಡು, ಅದಕ್ಕೆ ತಕ್ಕ ಅಳತೆಯಿಂದ ಬೆಲೆ ಕಟ್ಟಿ, ಆ ಬಿಡಿ ಬೆಲೆಗಳನ್ನು ಕೂಡಿಸಿ, ಕೊನೆಗೆ ಒಟ್ಟು ಮನೆತನದ ಮೇಲಿರುವ ಹೊರೆಗಳನ್ನು ಕಳೆಯುವುದೇ ಆ ಕ್ರಮ. ಇದನ್ನು ಬಿಡಿಬೆಲೆಗಳ ಮೊತ್ತ ಎಂದು ಕರೆಯಬಹುದು. ಹೇಳುವುದಕ್ಕೆ ಇದು ಪ್ರಾಥಮಿಕ ಶಾಲೆಯ ಕೂಡುವ ಲೆಕ್ಕದಷ್ಟು ಸುಲಭ. ಆದರೆ ಕಷ್ಟವಿರುವುದು ಕೂಡುವುದರಲ್ಲಲ್ಲ. ಏನನ್ನು ಕೂಡಬೇಕು, ಏನನ್ನು ಎರಡು ಸಲ ಕೂಡಬಾರದು, ಏನನ್ನು ಕಳೆಯಲು ಮರೆಯಬಾರದು ಎಂಬುದರಲ್ಲಿ. ಅದನ್ನು ಒಂದು ಕಲ್ಪಿತ ಮನೆತನದ ಲೆಕ್ಕದಿಂದಲೂ, ನಮ್ಮ ರಾಜ್ಯದಲ್ಲಿ 2013ರಲ್ಲಿ ನಿಜವಾಗಿ ನಡೆದ ಒಂದು ಪ್ರಸಂಗದಿಂದಲೂ ವಿವರಿಸಲು ಈ ಲೇಖನದಲ್ಲಿ ಯತ್ನಿಸಿದ್ದೇನೆ.

ಒಂದು ಕಲ್ಪಿತ ಮನೆತನ

ಲೆಕ್ಕದ ಅನುಕೂಲಕ್ಕಾಗಿ ಒಂದು ಮನೆತನವನ್ನು ಕಲ್ಪಿಸಿಕೊಳ್ಳೋಣ. ಇಲ್ಲಿಯ ಅಂಕೆಗಳೆಲ್ಲ ನಾನೇ ಇಟ್ಟುಕೊಂಡವು. ಯಾವ ಮನೆಯವೂ ಅಲ್ಲ.

ಈ ಮನೆತನಕ್ಕೆ ಕುಂದಾಪುರದ ಹೊಳೆಯಂಚಿನಲ್ಲಿ ಒಂದು ಹಂಚಿನ ಕಾರ್ಖಾನೆ ಇದೆ. ತಾರಸಿ ಮನೆಗಳ ಕಾಲವಾದ್ದರಿಂದ ಅದರ ಲಾಭ ವರ್ಷಕ್ಕೆ 10 ಲಕ್ಷ ರೂಪಾಯಿ ಮಾತ್ರ. ಬೈಂದೂರಿನ ಕಡೆ ಗೇರುಬೀಜದ ಕಾರ್ಖಾನೆ ಇದೆ. ಅದರ ಲಾಭ ಕೆಲವು ವರ್ಷಗಳ ಸರಾಸರಿಯಲ್ಲಿ 3 ಕೋಟಿ. ಬ್ರಹ್ಮಾವರವನ್ನು ನೆಲೆಯಾಗಿಟ್ಟುಕೊಂಡು ಓಡುವ ಬಸ್ಸುಗಳಿಂದ 1 ಕೋಟಿ 50 ಲಕ್ಷ ಬರುತ್ತದೆ. ಇಲ್ಲಿ ಲಾಭವೆಂದರೆ ಸವಕಳಿ, ಬಡ್ಡಿ, ತೆರಿಗೆಗಳನ್ನು ಕಳೆಯುವ ಮುಂಚಿನ ಲಾಭ. ಇವಲ್ಲದೆ ಹಿರಿಯರು ಎಂದೋ ಕೊಂಡಿಟ್ಟ ಷೇರುಗಳಿವೆ. ಅವುಗಳ ಮಾರುಕಟ್ಟೆ ಬೆಲೆ 2 ಕೋಟಿ. ಈ ಎಲ್ಲವನ್ನೂ ನೋಡಿಕೊಳ್ಳಲು ಒಂದು ಮುಖ್ಯ ಕಚೇರಿ. ಗುಮಾಸ್ತರು, ಮ್ಯಾನೇಜರರು, ಕಾರು, ಯಜಮಾನರ ಸಂಬಳ ಎಲ್ಲ ಸೇರಿ ಅದರ ಖರ್ಚು ವರ್ಷಕ್ಕೆ 40 ಲಕ್ಷ. ಈ ಖರ್ಚು ಯಾವ ವ್ಯಾಪಾರದ ಲೆಕ್ಕದಲ್ಲಿಯೂ ಸೇರಿಲ್ಲ.

ಈಗ ಇಬ್ಬರು ಬಂದು ಬೆಲೆ ಕಟ್ಟುತ್ತಾರೆಂದು ತಿಳಿಯೋಣ. ಮೊದಲನೆಯವನು ಕೊಳ್ಳುವ ಕಡೆಯವನು. ಅವನು ಮೂರು ವ್ಯಾಪಾರಗಳ ಲಾಭವನ್ನು ಕೂಡಿಸಿ, ಕಚೇರಿಯ ಖರ್ಚನ್ನು ಕಳೆದು, 4 ಕೋಟಿ 20 ಲಕ್ಷ ಎನ್ನುತ್ತಾನೆ. ಇಂಥ ವ್ಯಾಪಾರಕ್ಕೆ ಲಾಭದ ಐದರಷ್ಟು ಬೆಲೆ ಎಂದು 21 ಕೋಟಿಗೆ ತರುತ್ತಾನೆ. 5 ಕೋಟಿ ಸಾಲ ಕಳೆದು 16 ಕೋಟಿ ಎಂದು ಪುಸ್ತಕ ಮುಚ್ಚುತ್ತಾನೆ. ಎರಡನೆಯವನು ಮಾರುವ ಕಡೆಯವನು. ಹಂಚಿನ ಕಾರ್ಖಾನೆಯ ಜಾಗಕ್ಕೇ 9 ಕೋಟಿ ಸಿಗುತ್ತದೆ ಎನ್ನುತ್ತಾನೆ. ಕಾರ್ಖಾನೆಯ ಲಾಭಕ್ಕೆ ಐದರಷ್ಟೆಂದು ಇನ್ನೊಂದು 50 ಲಕ್ಷ, ಗೇರುಬೀಜಕ್ಕೆ 15 ಕೋಟಿ, ಬಸ್ಸಿಗೆ 7 ಕೋಟಿ 50 ಲಕ್ಷ, ಷೇರಿಗೆ 2 ಕೋಟಿ. ಒಟ್ಟು 34 ಕೋಟಿ. ಮಾರ್ಚ್ 31ರ ಜಮಾಖರ್ಚಿನ ಪಟ್ಟಿಯಲ್ಲಿ ಸಾಲ 2 ಕೋಟಿ ಎಂದು ಕಾಣುವುದರಿಂದ ಅಷ್ಟನ್ನೇ ಕಳೆದು 32 ಕೋಟಿ ಎನ್ನುತ್ತಾನೆ. ಒಂದೇ ಮನೆತನ, ಒಬ್ಬನ ಬೆಲೆ ಇನ್ನೊಬ್ಬನದರ ಎರಡು ಪಟ್ಟು. ಇಬ್ಬರೂ ಸುಳ್ಳು ಹೇಳಿಲ್ಲ. ಇಬ್ಬರದೂ ಲೆಕ್ಕ ತಪ್ಪಿದೆ. ಎಲ್ಲೆಲ್ಲಿ ಎಂಬುದನ್ನು ಒಂದೊಂದಾಗಿ ನೋಡೋಣ.

ಪ್ರತಿಯೊಂದಕ್ಕೂ ಅದರದೇ ಅಳತೆಗೋಲು

ಲಾಭದ ಐದರಷ್ಟು ಎಂಬ ಮಾತಿನ ಅರ್ಥವನ್ನು ಮೊದಲು ತಿಳಿಯಬೇಕು. ವರ್ಷಕ್ಕೆ 1 ರೂಪಾಯಿ ತರುವ ವ್ಯಾಪಾರಕ್ಕೆ ಕೊಳ್ಳುವವನು 5 ರೂಪಾಯಿ ಕೊಟ್ಟರೆ ಅವನ ಹಣಕ್ಕೆ ನೂರಕ್ಕೆ 20ರಂತೆ ಫಲ ಬಂದಂತಾಯಿತು. ಅಪಾಯ ಹೆಚ್ಚಿರುವ ವ್ಯಾಪಾರದಲ್ಲಿ ಅವನು ಹೆಚ್ಚು ಫಲ ಕೇಳುತ್ತಾನೆ, ಆದ್ದರಿಂದ ಕಡಮೆ ಮಡಿ ಕೊಡುತ್ತಾನೆ. ನಿಶ್ಚಿತವಾದ ವ್ಯಾಪಾರಕ್ಕೆ ಹೆಚ್ಚು ಮಡಿ ಕೊಡುತ್ತಾನೆ. ಈ ಮಡಿ ಎಷ್ಟೆಂಬುದನ್ನು ಅದೇ ಬಗೆಯ ವ್ಯಾಪಾರಗಳು ಈಚೆಗೆ ಯಾವ ಬೆಲೆಗೆ ಕೈ ಬದಲಾಯಿಸಿದವು ಎಂಬುದರಿಂದ ತಿಳಿಯಬೇಕೇ ಹೊರತು, ಪಕ್ಕದ ಬೇರೆ ವ್ಯಾಪಾರದಿಂದ ಎರವಲು ತರಬಾರದು.

ಬಸ್ಸುಗಳನ್ನೇ ತೆಗೆದುಕೊಳ್ಳಿ. ಗೇರುಬೀಜದ ಕಾರ್ಖಾನೆಯ ಯಂತ್ರಗಳು ಬಹುಕಾಲ ಬಾಳುತ್ತವೆ. ಅಲ್ಲಿ ಸವಕಳಿಯನ್ನು ಕಳೆಯುವ ಮುಂಚಿನ ಲಾಭಕ್ಕೂ ಕಳೆದ ಮೇಲಿನ ಲಾಭಕ್ಕೂ ದೊಡ್ಡ ಅಂತರವಿಲ್ಲ. ಬಸ್ಸು ಹಾಗಲ್ಲ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಳೆಗಾಲದ ಹೊಂಡಗಳಲ್ಲಿ ದಿನವೂ ಓಡುವ ವಾಹನ ಕೆಲವೇ ವರ್ಷಗಳಲ್ಲಿ ಮುದಿಯಾಗುತ್ತದೆ. ಇಂದಿನ ಸಂಪಾದನೆಯ ಒಂದು ಭಾಗವನ್ನು ನಾಳೆಯ ಹೊಸ ಬಸ್ಸಿಗಾಗಿ ಎತ್ತಿಡದಿದ್ದರೆ ವ್ಯಾಪಾರವೇ ಉಳಿಯದು. ನಮ್ಮ ಲೆಕ್ಕದಲ್ಲಿ ಹೀಗೆ ವರ್ಷಕ್ಕೆ 90 ಲಕ್ಷ ಎತ್ತಿಡಬೇಕೆಂದು ಇಟ್ಟುಕೊಂಡರೆ ನಿಜವಾದ ಲಾಭ 1 ಕೋಟಿ 50 ಲಕ್ಷವಲ್ಲ, 60 ಲಕ್ಷ. ಅದಕ್ಕೆ ಉದಾರವಾಗಿ ಆರರಷ್ಟು ಕೊಟ್ಟರೂ ಬೆಲೆ 3 ಕೋಟಿ 60 ಲಕ್ಷ; ಇಬ್ಬರೂ ಎಣಿಸಿದ 7 ಕೋಟಿ 50 ಲಕ್ಷದ ಅರ್ಧಕ್ಕಿಂತ ಕಡಮೆ. ಎರಡು ವ್ಯಾಪಾರಗಳಿಗೆ ಒಂದೇ ಅಳತೆಗೋಲು ಹಿಡಿದರೆ ಆಗುವ ತಪ್ಪು ಇದು. ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಹಿಂದಿನ ಐದಾರು ವರ್ಷಗಳಲ್ಲಿ ಆ ವ್ಯಾಪಾರ ಹೊಸ ಆಸ್ತಿ ಕೊಳ್ಳಲು ಎಷ್ಟು ಹಣ ಸುರಿದಿದೆ ಎಂಬುದನ್ನು ಲೆಕ್ಕದ ಪುಸ್ತಕದಲ್ಲಿ ಹುಡುಕಿ, ಲಾಭದ ಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಹಂಚಿನ ಕಾರ್ಖಾನೆಯದು ಇನ್ನೊಂದು ಬಗೆ. 10 ಲಕ್ಷ ಲಾಭದ ಐದರಷ್ಟೆಂದರೆ 50 ಲಕ್ಷ. ಆದರೆ ಆ ಜಾಗ ಖಾಲಿಯಾದರೆ 9 ಕೋಟಿ ಸಿಗುತ್ತದೆ. ಯಾವುದು ಸರಿ? ಹೆಚ್ಚು ಬರುವುದನ್ನು ತೆಗೆದುಕೊಳ್ಳಬಹುದು. ಆದರೆ ಒಂದನ್ನು ಮಾತ್ರ. ಜಾಗವನ್ನು ಮಾರಿದ ಮೇಲೆ ಅಲ್ಲಿ ಹಂಚು ಸುಡಲಾಗುವುದಿಲ್ಲ. ಮಾರುವ ಕಡೆಯವನು 9 ಕೋಟಿಯ ಜೊತೆಗೆ 50 ಲಕ್ಷವನ್ನೂ ಕೂಡಿದ್ದು ಇದರಿಂದ ತಪ್ಪು.

ಇನ್ನೂ ಒಂದು ಮಾತಿದೆ. ಆ 9 ಕೋಟಿ ಹಾಗೆಯೇ ಕೈಗೆ ಬರುವುದಿಲ್ಲ. ಕಾರ್ಖಾನೆ ಮುಚ್ಚಬೇಕಾದರೆ ಕೆಲಸಗಾರರ ಬಾಕಿ ಮೊದಲು ತೀರಬೇಕು. ತಿಂಗಳಿಗೆ 13,000 ರೂಪಾಯಿ ಸಂಬಳದವನಿಗೆ, ತಿಂಗಳಿಗೆ 26 ದಿನದಂತೆ, ದಿನಕ್ಕೆ 500 ರೂಪಾಯಿ ಬೀಳುತ್ತದೆ. ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳದಂತೆ ಗ್ರಾಚ್ಯುಯಿಟಿ ಕೊಡಬೇಕು. 20 ವರ್ಷ ದುಡಿದವನಿಗೆ ಇದು 1 ಲಕ್ಷ 50 ಸಾವಿರ. ಅಂಥವರು 50 ಮಂದಿ ಇದ್ದರೆ 75 ಲಕ್ಷ. ಕಾರ್ಖಾನೆ ಮುಚ್ಚಿದ್ದಕ್ಕೆ ಕೊಡಬೇಕಾದ ಪರಿಹಾರವೂ ಹೆಚ್ಚುಕಡಮೆ ಅಷ್ಟೇ ಆಗುತ್ತದೆ. ಎರಡೂ ಸೇರಿ 1 ಕೋಟಿ 50 ಲಕ್ಷ. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರ ಮಗನಾದ ನಾನು ಯಾವ ಬೆಲೆಪಟ್ಟಿಯಲ್ಲಿಯೂ ಮೊದಲು ಹುಡುಕುವುದು ಈ ಸಾಲನ್ನೇ. ಇದು ದಾನವಲ್ಲ, ಸಾಲ; ಬ್ಯಾಂಕಿನ ಸಾಲ ಹೇಗೋ ಹಾಗೆ. ಜಾಗ ಮಾರಿದ್ದರ ಮೇಲಿನ ತೆರಿಗೆ ಮತ್ತು ಇತರ ಖರ್ಚುಗಳಿಗೆ ಇನ್ನೊಂದು 1 ಕೋಟಿ 50 ಲಕ್ಷ ಎಂದಿಟ್ಟುಕೊಂಡರೆ ಉಳಿಯುವುದು 6 ಕೋಟಿ.

ಒಳಗಿನ ಬಳಕೆ, ಸಾಲ, ಕಚೇರಿ

ಒಂದೇ ಮನೆಯ ವ್ಯಾಪಾರಗಳು ಒಂದಕ್ಕೊಂದು ಸದ್ದಿಲ್ಲದೆ ಉಪಕಾರ ಮಾಡುತ್ತಿರುತ್ತವೆ. ನಮ್ಮ ಮನೆತನದ ಗೇರುಬೀಜದ ಮೂಟೆಗಳನ್ನು ಹಂಚಿನ ಕಾರ್ಖಾನೆಯ ಹಳೆಯ ಉಗ್ರಾಣದಲ್ಲಿ ಬಾಡಿಗೆಯಿಲ್ಲದೆ ಇಡುತ್ತಾರೆಂದು ಇಟ್ಟುಕೊಳ್ಳಿ. ಹೊರಗೆ ಅಂಥ ಉಗ್ರಾಣಕ್ಕೆ ವರ್ಷಕ್ಕೆ 30 ಲಕ್ಷ ಬಾಡಿಗೆ. ಜಾಗವನ್ನು ಮಾರುವುದೆಂದು ಒಮ್ಮೆ ಎಣಿಸಿದ ಮೇಲೆ ಉಗ್ರಾಣವೂ ಹೋಯಿತು. ಆಗ ಗೇರುಬೀಜದ ಲಾಭ 3 ಕೋಟಿಯಾಗಿ ಉಳಿಯದೆ 2 ಕೋಟಿ 70 ಲಕ್ಷಕ್ಕೆ ಇಳಿಯುತ್ತದೆ. ಐದರಷ್ಟೆಂದರೆ 13 ಕೋಟಿ 50 ಲಕ್ಷ. 15 ಕೋಟಿ ಎಂದವನು ಅದೇ ಜಾಗವನ್ನು ಒಮ್ಮೆ ನೆಲವಾಗಿಯೂ ಇನ್ನೊಮ್ಮೆ ಉಳಿದ ಬಾಡಿಗೆಯಾಗಿಯೂ ಎರಡು ಸಲ ಎಣಿಸಿದ್ದಾನೆ. ಆದ್ದರಿಂದ ಪ್ರತಿ ವ್ಯಾಪಾರದ ಬಗೆಗೂ ಒಂದು ಪ್ರಶ್ನೆ ಕೇಳಬೇಕು: ಈ ವ್ಯಾಪಾರ ನಾಳೆ ಪರರ ಕೈಗೆ ಹೋದರೆ, ಇಂದು ಪುಕ್ಕಟೆಯಾಗಿ ಸಿಗುವ ಯಾವುದಕ್ಕೆ ಹಣ ಕೊಡಬೇಕಾಗುತ್ತದೆ?

ಸಾಲದ ವಿಷಯದಲ್ಲಿ ಗೇರುಬೀಜದ ವ್ಯಾಪಾರ ಒಳ್ಳೆಯ ಪಾಠ ಕಲಿಸುತ್ತದೆ. ನಮ್ಮ ಊರಿನ ಬೀಜ ಸಾಲದು. ಆಫ್ರಿಕದಿಂದಲೂ ಬೀಜ ಹಡಗಿನಲ್ಲಿ ಬರುತ್ತದೆ. ಬೀಜ ಸಿಗುವ ತಿಂಗಳುಗಳಲ್ಲಿ ಬ್ಯಾಂಕಿನಿಂದ ಸಾಲ ತೆಗೆದು ಉಗ್ರಾಣ ತುಂಬಿಸುತ್ತಾರೆ. ಬೀಜ ಸುಲಿದು ತಿರುಳು ಮಾರಿದಂತೆಲ್ಲ ಸಾಲ ತೀರುತ್ತದೆ. ಹೀಗಾಗಿ ಸಾಲ ಸಮುದ್ರದ ಉಬ್ಬರವಿಳಿತದಂತೆ ಏರಿ ಇಳಿಯುತ್ತಿರುತ್ತದೆ. ಹೊಸ ಖರೀದಿಗೆ ಮುಂಚೆ, ಇಳಿತದ ದಿನ ನೋಡಿದರೆ 2 ಕೋಟಿ; ವರ್ಷದ ಸರಾಸರಿ 5 ಕೋಟಿ. ಯಾವುದನ್ನು ಕಳೆಯಬೇಕು? ಸಾಲ ಇಳಿದ ದಿನ ಉಗ್ರಾಣವೂ ಖಾಲಿಯಾಗಿರುತ್ತದೆ. 2 ಕೋಟಿ 70 ಲಕ್ಷ ಲಾಭ ಬರಬೇಕಾದರೆ ಉಗ್ರಾಣ ತುಂಬಲೇಬೇಕು. ತುಂಬಲು ಕೊಳ್ಳುವವನು ಮತ್ತೆ ಸಾಲ ಮಾಡಲೇಬೇಕು. ಆದ್ದರಿಂದ ಲಾಭ ಯಾವ ದಾಸ್ತಾನಿನಿಂದ ಹುಟ್ಟುತ್ತದೋ ಆ ದಾಸ್ತಾನಿಗೆ ತಕ್ಕ ಸಾಲವನ್ನೇ, ಎಂದರೆ 5 ಕೋಟಿಯನ್ನು, ಕಳೆಯುವುದು ನ್ಯಾಯ. ಒಂದೇ ದಿನದ ಪಟ್ಟಿಯನ್ನು ನಂಬದೆ ಹನ್ನೆರಡು ತಿಂಗಳ ಬ್ಯಾಂಕಿನ ಪುಸ್ತಕವನ್ನು ನೋಡಿದರೆ ಇದು ತಾನಾಗಿ ಕಾಣುತ್ತದೆ.

ಇನ್ನು ಮುಖ್ಯ ಕಚೇರಿ. ಅದು ಯಾವ ವ್ಯಾಪಾರಕ್ಕೂ ಸೇರದ ಕಾರಣ ಬಿಡಿಬೆಲೆ ಕಟ್ಟುವವನ ಕಣ್ಣಿಗೆ ಬೀಳುವುದಿಲ್ಲ. ವರ್ಷಕ್ಕೆ 40 ಲಕ್ಷದ ಖರ್ಚು ಎಂದಿನವರೆಗೂ ಹರಿಯುತ್ತಲೇ ಇದ್ದರೆ ಅದೂ ಒಂದು ಬಗೆಯ ವ್ಯಾಪಾರ. ಬೆಲೆ ಮಾತ್ರ ಸೊನ್ನೆಗಿಂತ ಕೆಳಗೆ. ಅದಕ್ಕೂ ಐದರಷ್ಟೆಂದು 2 ಕೋಟಿ ಕಳೆಯಬೇಕು.

ಈಗ ಕೂಡಿ ನೋಡೋಣ. ಹಂಚಿನ ಕಾರ್ಖಾನೆಯ ಜಾಗ 6 ಕೋಟಿ, ಗೇರುಬೀಜ 13 ಕೋಟಿ 50 ಲಕ್ಷ, ಬಸ್ಸು 3 ಕೋಟಿ 60 ಲಕ್ಷ, ಷೇರು 2 ಕೋಟಿ. ಒಟ್ಟು 25 ಕೋಟಿ 10 ಲಕ್ಷ. ಕಚೇರಿಗೆ 2 ಕೋಟಿ ಕಳೆದರೆ 23 ಕೋಟಿ 10 ಲಕ್ಷ. ಸಾಲ 5 ಕೋಟಿ ಕಳೆದರೆ 18 ಕೋಟಿ 10 ಲಕ್ಷ. ಕೊಳ್ಳುವವನ 16 ಕೋಟಿಯೂ ಅಲ್ಲ, ಮಾರುವವನ 32 ಕೋಟಿಯೂ ಅಲ್ಲ.

ಈ 18 ಕೋಟಿ 10 ಲಕ್ಷವನ್ನೂ ಕಲ್ಲಿನ ಮೇಲೆ ಕೆತ್ತಿದ ಅಂಕೆಯೆಂದು ತಿಳಿಯಬಾರದು. ಗೇರುಬೀಜಕ್ಕೆ ಐದರ ಬದಲು ನಾಲ್ಕರಷ್ಟು ಹಿಡಿದರೆ ಒಟ್ಟು 15 ಕೋಟಿ 40 ಲಕ್ಷಕ್ಕೆ ಇಳಿಯುತ್ತದೆ. ಆರರಷ್ಟು ಹಿಡಿದರೆ 20 ಕೋಟಿ 80 ಲಕ್ಷಕ್ಕೆ ಏರುತ್ತದೆ. ಆದ್ದರಿಂದ ಬಲ್ಲವರು ಒಂದು ಅಂಕೆ ಹೇಳದೆ ಎರಡು ಎಲ್ಲೆಗಳನ್ನು ಹೇಳುತ್ತಾರೆ. ಯಾವ ಒಂದು ಊಹೆ ಬದಲಾದರೆ ಬೆಲೆ ಹೆಚ್ಚು ಅಲುಗುತ್ತದೆ ಎಂಬುದನ್ನೂ ಜೊತೆಗೇ ಹೇಳುತ್ತಾರೆ. ಇಲ್ಲಿ ಅದು ಗೇರುಬೀಜದ ಮಡಿ. ಮಾತುಕತೆಯ ಹೊತ್ತನ್ನು ಬಸ್ಸಿನ ಬೆಲೆಯ ಚರ್ಚೆಯಲ್ಲಿ ಕಳೆಯುವುದು ವ್ಯರ್ಥವೆಂದು ಇದರಿಂದ ತಿಳಿಯುತ್ತದೆ.

ವಿಪ್ರೋ ಕಂಪೆನಿಯ ವಿಭಜನೆ

ಇದು ಬರಿಯ ಪುಸ್ತಕದ ಲೆಕ್ಕವಲ್ಲ. ಬೆಂಗಳೂರಿನ ವಿಪ್ರೋ ಕಂಪೆನಿಯ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಅದು ಹುಟ್ಟಿದ್ದು 1945ರಲ್ಲಿ, ಮಹಾರಾಷ್ಟ್ರದ ಅಮಳನೇರದಲ್ಲಿ ವನಸ್ಪತಿ ಎಣ್ಣೆ ಮಾಡುವ ಕಂಪೆನಿಯಾಗಿ. ಸ್ಥಾಪಕರಾದ ಎಂ. ಎಚ್. ಪ್ರೇಂಜಿಯವರು 1966ರಲ್ಲಿ ತೀರಿಕೊಂಡಾಗ ಇಪ್ಪತ್ತೊಂದರ ಹರೆಯದ ಮಗ ಅಜೀಂ ಪ್ರೇಂಜಿಯವರು ಅಮೇರಿಕದ ಓದನ್ನು ನಿಲ್ಲಿಸಿ ಬಂದು ಅದನ್ನು ವಹಿಸಿಕೊಂಡರು. ಮುಂದೆ ಅದರೊಳಗೆ ಸಂತೂರ್ ಸಾಬೂನು ಬಂತು, ವಿದ್ಯುದ್ದೀಪ ಬಂತು, ದೊಡ್ಡ ಯಂತ್ರಗಳಿಗೆ ಬೇಕಾದ ಹೈಡ್ರಾಲಿಕ್ ಸಿಲಿಂಡರುಗಳು ಬಂದವು, ಕೊನೆಗೆ ಗಣಕಯಂತ್ರ ಮತ್ತು ಸಾಫ್ಟ್‌ವೇರ್ ಬಂದು ಎಲ್ಲವನ್ನೂ ಮೀರಿ ಬೆಳೆದವು. ಸಾಬೂನಿಗೂ ಸಾಫ್ಟ್‌ವೇರಿಗೂ ಏನು ಸಂಬಂಧ? ನಮ್ಮ ಕಲ್ಪಿತ ಮನೆತನದ ಹಂಚಿಗೂ ಬಸ್ಸಿಗೂ ಇರುವಷ್ಟೇ.

ಪೇಟೆಯಲ್ಲಿ ವಿಪ್ರೋ ಷೇರು ಕೊಂಡವನು ಸಾಫ್ಟ್‌ವೇರಿಗೆಂದು ಕೊಳ್ಳುತ್ತಿದ್ದನು. ಸಾಬೂನು ಅದರೊಡನೆ ಅಂಟಿಕೊಂಡು ಬರುತ್ತಿತ್ತು. 2012ರ ನವೆಂಬರಿನಲ್ಲಿ ಕಂಪೆನಿ ಒಂದು ಯೋಜನೆಯನ್ನು ಪ್ರಕಟಿಸಿತು. ಸಾಫ್ಟ್‌ವೇರ್ ಹಳೆಯ ಕಂಪೆನಿಯಲ್ಲೇ ಉಳಿಯುವುದು. ಸಾಬೂನು, ದೀಪ, ಸಿಲಿಂಡರು ಮೊದಲಾದವು ವಿಪ್ರೋ ಎಂಟರ್‌ಪ್ರೈಸಸ್ ಎಂಬ ಬೇರೆ ಕಂಪೆನಿಗೆ ಹೋಗುವುವು. 2013ರ ಮಾರ್ಚ್ 31ರಂದು ಇದು ಜಾರಿಗೆ ಬಂತು. ಹೊಸ ಕಂಪೆನಿಯ ಷೇರು ಪೇಟೆಯಲ್ಲಿ ಮಾರಾಟಕ್ಕೆ ಸಿಗುವಂಥದಲ್ಲ. ಆದ್ದರಿಂದ ಅದಕ್ಕೆ ಪೇಟೆ ಬೆಲೆ ಕಟ್ಟುವುದಿಲ್ಲ. ಲೆಕ್ಕ ಮಾಡಿಯೇ ಕಟ್ಟಬೇಕು. ನಮಗೆ ಕುತೂಹಲಕರವಾದುದು ಇದೇ.

ಭಾರತದ ಸಾಮಾನ್ಯ ಷೇರುದಾರನ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು: ಪ್ರತಿ 5 ವಿಪ್ರೋ ಷೇರಿಗೆ ಹೊಸ ಕಂಪೆನಿಯ 1 ಷೇರು ಪಡೆದು ಅಲ್ಲಿಯೂ ಪಾಲುದಾರನಾಗಿ ಉಳಿಯುವುದು. ಎರಡನೆಯದು: ಆ ಷೇರಿನ ಬದಲು, 12 ತಿಂಗಳ ಮೇಲೆ 235 ರೂಪಾಯಿ 20 ಪೈಸೆ ಹಿಂದಿರುಗಿಸುವ ಒಂದು ಆದ್ಯತೆಯ ಷೇರು ಪಡೆಯುವುದು. ಮೂರನೆಯದು: ಹೊಸ ಕಂಪೆನಿಯ 1.65 ಷೇರನ್ನು ಬಿಟ್ಟುಕೊಟ್ಟು, ಪ್ರವರ್ತಕರ ಕಡೆಯಿಂದ 1 ವಿಪ್ರೋ ಷೇರು ಪಡೆಯುವುದು.

ಈ ಅಂಕೆಗಳಲ್ಲಿಯೇ ಬಿಡಿಬೆಲೆಯ ಲೆಕ್ಕ ಅಡಗಿದೆ. 235.20ನ್ನು 5ರಿಂದ ಭಾಗಿಸಿದರೆ 47.04. ಎಂದರೆ ಪ್ರತಿಯೊಂದು ವಿಪ್ರೋ ಷೇರಿನ ಒಳಗೆ ಸಾಬೂನು, ದೀಪ ಮೊದಲಾದವುಗಳ ಬೆಲೆ 47 ರೂಪಾಯಿ ಎಂದು ಕಂಪೆನಿಯೇ ಒಪ್ಪಿದಂತಾಯಿತು. ಇನ್ನು 235.20ನ್ನು 1.65ರಿಂದ ಗುಣಿಸಿದರೆ 388 ರೂಪಾಯಿ ಚಿಲ್ಲರೆ. ಇದು ಸಾಫ್ಟ್‌ವೇರ್ ಮಾತ್ರ ಉಳಿದ ವಿಪ್ರೋ ಷೇರಿಗೆ ಈ ಯೋಜನೆ ಮೌನವಾಗಿ ಹಿಡಿದ ಬೆಲೆ. 388ಕ್ಕೆ 47 ಕೂಡಿದರೆ 435; ಅದರಲ್ಲಿ 47 ಎಂದರೆ ನೂರಕ್ಕೆ ಸುಮಾರು 11. ಆ ಸಮಯದಲ್ಲಿ ಈ ವ್ಯಾಪಾರಗಳು ವಿಪ್ರೋದ ಒಟ್ಟು ಮಾರಾಟದಲ್ಲಿ ನೂರಕ್ಕೆ ಸುಮಾರು 14ರಷ್ಟಿದ್ದವು. ಕಾರ್ಯಲಾಭದಲ್ಲಿ ಅವುಗಳ ಪಾಲು ಅದರ ಅರ್ಧಕ್ಕೂ ಕಡಮೆ. ಮಾರಾಟದಿಂದ ಅಳೆದರೆ ಒಂದು ಉತ್ತರ, ಲಾಭದಿಂದ ಅಳೆದರೆ ಇನ್ನೊಂದು. ಕಟ್ಟಿದ ಬೆಲೆ ಎರಡರ ನಡುವೆ ನಿಂತಿತು. ದಿನವೂ ಕರಗುವ ಸಾಬೂನಿನಂಥ ಸರಕಿನ ವ್ಯಾಪಾರಕ್ಕೆ ಪ್ರತಿ ರೂಪಾಯಿ ಲಾಭದ ಮೇಲೆ ಸಾಫ್ಟ್‌ವೇರಿಗಿಂತ ಹೆಚ್ಚು ಮಡಿ ಸಿಗುತ್ತದೆ ಎಂಬುದು ಇದಕ್ಕೆ ಒಂದು ಕಾರಣವಾಗಿರಬಹುದು. ಒಟ್ಟು ಲಾಭಕ್ಕೆ ಒಂದೇ ಮಡಿ ಹಾಕಿದವನಿಗೆ ಈ ಭೇದ ಕಾಣುತ್ತಿರಲಿಲ್ಲ.

ಷೇರುದಾರನು ತಾನೇ ಮಾಡಬಹುದಾದ ಪರೀಕ್ಷೆಯೊಂದೂ ಇಲ್ಲಿತ್ತು. 1.65 ಹೊಸ ಷೇರು ಕೈಗೆ ಬರಲು ಎಂಟೂಕಾಲು ವಿಪ್ರೋ ಷೇರು ಬೇಕು. ಅದಕ್ಕೆ ಒಂದೋ 388 ರೂಪಾಯಿ ಹಣ, ಅಥವಾ ಒಂದು ವಿಪ್ರೋ ಷೇರು. ಬೇರ್ಪಟ್ಟ ಮೇಲೆ ಪೇಟೆಯಲ್ಲಿ ವಿಪ್ರೋ ಷೇರು 388ಕ್ಕಿಂತ ಕೆಳಗಿದ್ದರೆ ಹಣ ತೆಗೆದುಕೊಳ್ಳುವುದು ಮೇಲು, ಮೇಲಿದ್ದರೆ ಷೇರು ಮೇಲು. ಹಣ ಒಂದು ವರ್ಷ ತಡವಾಗಿ ಬರುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು. ತಜ್ಞರ ವರದಿ ಓದದೆಯೂ, ಎರಡು ಅಂಕೆಗಳನ್ನು ಗುಣಿಸಬಲ್ಲ ಯಾರೂ ತೀರ್ಮಾನಿಸಬಹುದಾದ ಮಾತು ಇದು.

ಕಂಪೆನಿ ಈ ದಾರಿಗಳನ್ನು ತೆರೆದುದಕ್ಕೆ ಇನ್ನೊಂದು ಕಾರಣವೂ ಇತ್ತು. ಪೇಟೆಯಲ್ಲಿರುವ ಕಂಪೆನಿಗಳಲ್ಲಿ ನೂರಕ್ಕೆ 25ರಷ್ಟಾದರೂ ಷೇರು ಸಾರ್ವಜನಿಕರ ಕೈಯಲ್ಲಿರಬೇಕೆಂಬ ನಿಯಮಕ್ಕೆ 2013ರ ಜೂನ್ ಗಡುವಾಗಿತ್ತು. ವಿಪ್ರೋದಲ್ಲಿ ಪ್ರವರ್ತಕರ ಪಾಲು 75ನ್ನು ಮೀರಿತ್ತು. ಷೇರುದಾರರು ಮೂರನೆಯ ದಾರಿ ಹಿಡಿದಷ್ಟೂ ಆ ಪಾಲು ಇಳಿಯುತ್ತಿತ್ತು. ಬೆಲೆಪಟ್ಟಿಯನ್ನು ಓದುವಾಗ ಅದನ್ನು ಕಟ್ಟಿದವರಿಗೆ ಏನು ಬೇಕಾಗಿತ್ತು ಎಂಬುದನ್ನೂ ಓದಬೇಕು ಎಂಬ ಪಾಠ ಇದರಲ್ಲಿದೆ.

ಹೊರಬರುವ ಬಾಗಿಲು

ವಿಪ್ರೋದ ಷೇರುದಾರನಿಗೂ ನಮ್ಮ ಕಲ್ಪಿತ ಮನೆತನದ ಪಾಲುದಾರನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅವನಿಗೆ ಹೊರಬರುವ ಬಾಗಿಲು ಇತ್ತು. ಈ ಮನೆತನದ ಒಬ್ಬ ಹೆಣ್ಣುಮಗಳಿಗೆ ಆರರಲ್ಲಿ ಒಂದು ಪಾಲಿದೆ ಎಂದಿಟ್ಟುಕೊಳ್ಳಿ. 18 ಕೋಟಿ 10 ಲಕ್ಷದ ಆರನೆಯ ಒಂದು ಪಾಲು ಸುಮಾರು 3 ಕೋಟಿ 2 ಲಕ್ಷ. ಕಾಗದದ ಮೇಲೆ ಅದು ಅವಳದು. ಆದರೆ ಹಂಚಿನ ಕಾರ್ಖಾನೆಯನ್ನು ಮುಚ್ಚಿ ಜಾಗ ಮಾರಬೇಕೆಂದು ಅವಳೊಬ್ಬಳು ಹೇಳಿದರೆ ಆಗುವುದಿಲ್ಲ. ಅಣ್ಣಂದಿರು ಗೇರುಬೀಜದ ಲಾಭವನ್ನು ವರ್ಷ ವರ್ಷವೂ ಹಂಚಿನ ಗೂಡಿಗೇ ಸುರಿಯುತ್ತಿದ್ದರೆ, 6 ಕೋಟಿಯ ಜಾಗ 6 ಕೋಟಿಯಾಗಿ ಅವಳ ಕೈಗೆ ಎಂದೂ ಬರುವುದಿಲ್ಲ. ಬಿಡಿಬೆಲೆಗಳ ಮೊತ್ತವೆಂಬುದು ಬಿಡಿಸಲು ಅಧಿಕಾರವಿದ್ದವನ ಬೆಲೆ. ಅಧಿಕಾರವಿಲ್ಲದವನ ಪಾಲನ್ನು ಹೊರಗಿನವನು ಕೊಳ್ಳುವಾಗ ಅದಕ್ಕಿಂತ ಕಡಮೆಯೇ ಕೊಡುತ್ತಾನೆ. ಷೇರು ಪೇಟೆಯಲ್ಲಿಯೂ ಹಲವು ವ್ಯಾಪಾರಗಳ ಒಡೆತನ ಹೊಂದಿದ ಕಂಪೆನಿಗಳ ಷೇರು ಹೆಚ್ಚಾಗಿ ಬಿಡಿಬೆಲೆಗಳ ಮೊತ್ತಕ್ಕಿಂತ ಕೆಳಗೆ ಮಾರುವುದಕ್ಕೆ ಇದೊಂದು ಮುಖ್ಯ ಕಾರಣ. ಈ ಕಡಿತವನ್ನು ಹಾಕುವಾಗಲೂ ಎಚ್ಚರ ಬೇಕು. ಕಚೇರಿಯ ಖರ್ಚನ್ನೂ ತೆರಿಗೆಯನ್ನೂ ಒಮ್ಮೆ ಕಳೆದಾಗಿದ್ದರೆ, ಅವೇ ಕಾರಣಗಳನ್ನು ಹೇಳಿ ಮತ್ತೊಮ್ಮೆ ಕಡಿತ ಮಾಡುವುದು ಅನ್ಯಾಯ.

ಬಾಗಿಲು ಇದೆಯೋ ಇಲ್ಲವೋ ಎಂಬುದು ವ್ಯಾಪಾರದ ಕಾನೂನು ರೂಪವನ್ನು ಅವಲಂಬಿಸುತ್ತದೆ. ಇಷ್ಟವಿರುವಷ್ಟು ಕಾಲದ ಪಾಲುಗಾರಿಕೆಯಾಗಿದ್ದರೆ 1932ರ ಪಾಲುಗಾರಿಕೆ ಕಾಯಿದೆಯಂತೆ ಒಬ್ಬ ಪಾಲುದಾರನು ನೋಟೀಸು ಕೊಟ್ಟು ಪಾಲುಗಾರಿಕೆಯನ್ನು ವಿಸರ್ಜಿಸಬಹುದು. ಅಲ್ಲಿ ಬಾಗಿಲು ತೆರೆದೇ ಇದೆ. ಪಾಲಿನ ಬೆಲೆಯೂ ಮೊತ್ತಕ್ಕೆ ಹತ್ತಿರವಿರುತ್ತದೆ. ಅದೇ ವ್ಯಾಪಾರವನ್ನು ಪ್ರೈವೇಟ್ ಲಿಮಿಟೆಡ್ ಕಂಪೆನಿಯಾಗಿ ಮಾಡಿದ್ದರೆ ಷೇರನ್ನು ಹೊರಗಿನವರಿಗೆ ಮಾರುವುದಕ್ಕೇ ನಿರ್ಬಂಧವಿರುತ್ತದೆ. ಅನ್ಯಾಯವಾಯಿತೆಂದು 2013ರ ಕಂಪೆನಿ ಕಾಯಿದೆಯಡಿ ನ್ಯಾಯಮಂಡಳಿಗೆ ಹೋಗಬಹುದಾದರೂ ಅದು ದೂರದ ದಾರಿ. ಆಸ್ತಿ ಅದೇ, ಲಾಭ ಅದೇ, ಪಾಲು ಅದೇ; ಕಾಗದ ಬದಲಾದದ್ದರಿಂದ ಬೆಲೆ ಬದಲಾಯಿತು.

ನಮ್ಮ ಕರಾವಳಿಯವರಿಗೆ ಇದು ಹೊಸ ಮಾತೇನೂ ಅಲ್ಲ. ಅಳಿಯಸಂತಾನದ ಹಳೆಯ ಕಟ್ಟಿನಲ್ಲಿ ಕುಟುಂಬದ ಆಸ್ತಿಯ ಮೇಲೆ ಎಲ್ಲರಿಗೂ ಹಕ್ಕಿತ್ತು. ಅನ್ನ, ಬಟ್ಟೆ, ಆಶ್ರಯ ಸಿಗುತ್ತಿತ್ತು. ಆದರೆ ಎಲ್ಲರೂ ಒಪ್ಪದೆ ನನ್ನ ಪಾಲನ್ನು ಬೇರೆ ಮಾಡಿ ಕೊಡಿ ಎಂದು ಕೇಳುವ ಹಕ್ಕಿರಲಿಲ್ಲ. ನಮ್ಮ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದಾಗ ಬಂದ 1949ರ ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಆ ಕಾಯಿದೆ ಯಾರ ಗದ್ದೆಗೂ ಒಂದು ಸೇರು ಭತ್ತವನ್ನು ಹೆಚ್ಚಿಗೆ ಬೆಳೆಯಿಸಲಿಲ್ಲ. ಆದರೂ ಅದರಿಂದ ಒಬ್ಬೊಬ್ಬರ ಪಾಲಿಗೂ ಮೊದಲಿಲ್ಲದ ಬೆಲೆ ಬಂತು, ಏಕೆಂದರೆ ಬಾಗಿಲು ತೆರೆಯಿತು.

ಆದ್ದರಿಂದ ಮನೆತನದ ವ್ಯಾಪಾರಕ್ಕೆ ಬೆಲೆ ಕಟ್ಟುವವನು ಎರಡು ಅಂಕೆಗಳನ್ನು ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಮೊದಲನೆಯದು, ಪ್ರತಿ ವ್ಯಾಪಾರವನ್ನೂ ಅದರ ಅಳತೆಯಿಂದ ಅಳೆದು, ಒಳಗಿನ ಪುಕ್ಕಟೆ ಬಳಕೆಗೆ ಬೆಲೆ ಹಾಕಿ, ಕೆಲಸಗಾರರ ಬಾಕಿ, ಕಚೇರಿ, ಸಾಲಗಳನ್ನು ಕಳೆದು ಬರುವ ಮೊತ್ತ. ಎರಡನೆಯದು, ಈ ಮೊತ್ತದಲ್ಲಿ ಆಡಳಿತವಿಲ್ಲದ ಪಾಲುದಾರನು ಇಂದು ಹೊರಬಂದರೆ ಅವನ ಕೈಗೆ ನಿಜವಾಗಿ ಸೇರುವ ಹಣ. ಈ ಎರಡರ ನಡುವಿನ ಅಂತರ ಸಣ್ಣದಾಗಿದ್ದರೆ ಆ ಮನೆತನದಲ್ಲಿ ಪಾಲಿನ ಮಾತು ಕೋರ್ಟಿನ ಮೆಟ್ಟಿಲು ಹತ್ತದೆ ಮುಗಿಯಬಹುದು. ದೊಡ್ಡದಾಗಿದ್ದರೆ, ಅಂಕೆಗಳ ಮೇಲೆ ಜಗಳವಾಡುವುದಕ್ಕೆ ಮುಂಚೆ ಪಾಲುದಾರರು ಕರಾರುಪತ್ರವನ್ನು ತೆಗೆದು, ಹೊರಬರುವವನಿಗೆ ಯಾವ ಲೆಕ್ಕದಂತೆ, ಎಷ್ಟು ದಿನದೊಳಗೆ ಹಣ ಕೊಡಬೇಕೆಂದು ಅದರಲ್ಲಿ ಬರೆದಿದೆಯೇ ಎಂಬುದನ್ನು ನೋಡುವುದು ಒಳ್ಳೆಯದು.